ಅರ್ಧ ತಟ್ಟೆ ಶಾಕ್: ಡಯಾಬಿಟಿಸ್ ಪಥ್ಯದ ಕರಪತ್ರ ಗುಜರಾತಿಗೆ ಹೋದಾಗ

(ಆರೋಗ್ಯ ಮಾಹಿತಿಯನ್ನು ಭಾಷೆಯಿಂದ ಭಾಷೆಗೆ ತರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಂಗ್ಲಿಷಿನ ಡಯಾಬಿಟಿಸ್ ಕರಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ತಟ್ಟೆಯ ಚಿತ್ರ ಇರುತ್ತದೆ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬ್ರೆಡ್ಡೋ ಅನ್ನವೋ ಆಲೂಗಡ್ಡೆಯೋ, ಇನ್ನೊಂದು ಕಾಲು ಭಾಗ ಮೀನು, ಮೊಟ್ಟೆ ಅಥವಾ ಬೇಳೆ. ಇದನ್ನು ಗುಜರಾತಿಗೆ ತರುವವರು ಮೊದಲು ಬರೆಯುವುದು ‘ಅಡಧೀ ಥಾಳೀ ಶಾಕ್’ ಎಂದು. ವ್ಯಾಕರಣದಲ್ಲಿ ತಪ್ಪಿಲ್ಲ, ನಿಘಂಟಿನಲ್ಲೂ ತಪ್ಪಿಲ್ಲ. ತಪ್ಪಾಗುವುದು ಅಡುಗೆಮನೆಯಲ್ಲಿ.

ಗುಜರಾತಿಯಲ್ಲಿ ‘ಶಾಕ್’ ಅಂದರೆ ಬೆಂದು ಒಗ್ಗರಣೆ ಬಿದ್ದ ಪದಾರ್ಥ. ಹೆಚ್ಚುಕಡಿಮೆ ನಮ್ಮ ‘ಪಲ್ಯ’ ಇದ್ದ ಹಾಗೆ. ಆಲೂಗಡ್ಡೆಯದ್ದೂ ಶಾಕ್, ಟೊಮೆಟೊ ರಸಕ್ಕೆ ಕಡಲೆಹಿಟ್ಟಿನ ಸೇವು ಸುರಿದದ್ದೂ ಶಾಕ್, ಸೌರಾಷ್ಟ್ರದ ಕಡೆ ಗಾಂಠಿಯಾ ಎಂಬ ಕರಿದ ತಿಂಡಿ ಹಾಕಿ ಮಾಡಿದ್ದೂ ಶಾಕ್. ‘ಅರ್ಧ ತಟ್ಟೆ ಶಾಕ್’ ಎಂದು ಓದಿದ ಮನೆಯವರು ಅರ್ಧ ತಟ್ಟೆ ‘ಬಟಾಟಾನುಂ ಶಾಕ್’ ಬಡಿಸಿದರೆ ಕರಪತ್ರದ ಮಾತನ್ನು ಅಕ್ಷರಶಃ ಪಾಲಿಸಿದ ಹಾಗೆಯೇ. ರೋಗಿಗೆ ಸಿಕ್ಕಿದ್ದು ಮಾತ್ರ ಎರಡು ಪಾಲು ಪಿಷ್ಟ.

ಹಾಗಾಗಿ ಆ ಸಾಲಿನಲ್ಲಿ ಸಾಮಾನ್ಯ ಹೆಸರು ಕೆಲಸಕ್ಕೆ ಬರುವುದಿಲ್ಲ, ತರಕಾರಿಗಳನ್ನು ಹೆಸರಿಟ್ಟೇ ಹೇಳಬೇಕು. ದೂಧೀ, ತೂರಿಯಾಂ, ಗಲ್ಕಾ, ಭೀಂಡಾ, ಗವಾರ್, ಕೋಬೀ, ಮೇಥಿ ಸೊಪ್ಪು, ಕಾಕಡಿ. ಅಂದರೆ ನಮ್ಮ ಸೋರೆಕಾಯಿ, ಹೀರೆಕಾಯಿ, ತುಪ್ಪದ ಹೀರೆ, ಬೆಂಡೆ, ಗೋರಿಕಾಯಿ, ಎಲೆಕೋಸು, ಮೆಂತ್ಯ, ಸೌತೆ. ಇದರ ಪಕ್ಕದಲ್ಲೇ ಇನ್ನೊಂದು ಸಾಲು: ‘ಬಟಾಟಾ, ಶಕ್ಕರಿಯಾ, ಸೂರಣ್, ರತಾಳು, ಇವನ್ನು ಶಾಕ್ ಎಂದು ಲೆಕ್ಕ ಹಾಕಬೇಡಿ, ರೋಟ್ಲಿ ಎಂದು ಲೆಕ್ಕ ಹಾಕಿ.’ ಮೊದಲ ನಾಲ್ಕು ನಮ್ಮ ಆಲೂಗಡ್ಡೆ, ಸಿಹಿಗೆಣಸು, ಸುವರ್ಣಗೆಡ್ಡೆ, ನೇರಳೆ ಗೆಣಸು. ರೋಟ್ಲಿ ಅಂದರೆ ಅವರ ಗೋಧಿ ಚಪಾತಿ. ಕರಪತ್ರ ಇಂಗ್ಲೆಂಡಿನ ಲೆಸ್ಟರ್ ನಗರದ ಗುಜರಾತಿಗಳಿಗೆ ಹೋಗುವುದಾದರೆ ಈ ಪಟ್ಟಿಗೆ ‘ಮೋಗೋ’ ಸೇರಲೇಬೇಕು. ಮೋಗೋ ಅಂದರೆ ಮರಗೆಣಸು. 1972ರಲ್ಲಿ ಉಗಾಂಡಾದಿಂದ ಹೊರದೂಡಲ್ಪಟ್ಟ ಎಷ್ಟೋ ಕುಟುಂಬಗಳು ಅಲ್ಲಿ ನೆಲೆಸಿವೆ. ಅವರ ಮನೆಗಳಲ್ಲಿ ಮೋಗೋ ಸಂಜೆಯ ತಿಂಡಿ. ಅಹಮದಾಬಾದಿನಲ್ಲಿ ಅದೇ ಪದ ಹಾಕಿದರೆ ಎಷ್ಟೋ ಜನ ಏನದು ಎಂದು ಕೇಳುತ್ತಾರೆ. ಒಂದೇ ಭಾಷೆ, ಎರಡು ಪಟ್ಟಿ.

ಪದ ಸರಿಮಾಡಿದ ಮೇಲೂ ತಟ್ಟೆಯ ಚಿತ್ರ ನಿಲ್ಲುವುದಿಲ್ಲ. ಆ ಚಿತ್ರದಲ್ಲಿ ಊಟವೆಲ್ಲ ಒಂದೇ ಕ್ಷಣಕ್ಕೆ ತಟ್ಟೆಯಲ್ಲಿ ಇರುತ್ತದೆ. ಗುಜರಾತಿ ಮನೆಯಲ್ಲಿ ಹಾಗಲ್ಲ. ದಾಳ್ ಮತ್ತು ಶಾಕ್ ವಾಟಕಿಯಲ್ಲಿ, ಅಂದರೆ ಬಟ್ಟಲಲ್ಲಿ ಇರುತ್ತವೆ. ರೋಟ್ಲಿ ಒಂದೊಂದಾಗಿ ಬೆಂಕಿಯಿಂದ ನೇರ ತಟ್ಟೆಗೆ ಬಂದು ಬೀಳುತ್ತದೆ. ರೋಟ್ಲಿ ಮುಗಿದ ಮೇಲೆ ಅನ್ನ ಬರುತ್ತದೆ, ಅದಕ್ಕೆ ದಾಳ್ ಇನ್ನೊಂದು ಸಲ. ಕೊನೆಗೆ ಛಾಸ್, ಅಂದರೆ ಮಜ್ಜಿಗೆ. ಬಾಳೆಲೆ ಊಟ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟದ ಯಾವ ಗಳಿಗೆಯಲ್ಲಿ ನೋಡಿದರೂ ತಟ್ಟೆಯಲ್ಲಿ ಒಂದೇ ರೋಟ್ಲಿ ಇರುತ್ತದೆ. ಆದ್ದರಿಂದ ಕಾಲು ಭಾಗ ಎನ್ನುವ ಮಾತಿಗೆ ಅಲ್ಲಿ ಅರ್ಥವೇ ಹುಟ್ಟುವುದಿಲ್ಲ. ಉಣ್ಣುವವರಿಗೆ ಎಷ್ಟು ತಿಂದೆ ಎಂಬ ಎಣಿಕೆಯೂ ತಪ್ಪಿರುತ್ತದೆ.

ಇದಕ್ಕೆ ದಾರಿ ಎಂದರೆ ಭಾಗದ ಮಾತು ಬಿಟ್ಟು ಎಣಿಕೆಗೆ ಬರುವುದು. ಗುಜರಾತಿಯಲ್ಲಿ ಎಣಿಸುವ ವಸ್ತುಗಳಿಗೆ ‘ನಂಗ್’ ಎನ್ನುತ್ತಾರೆ. ಫರಸಾಣ್, ಅಂದರೆ ಕುರುಕಲು ತಿಂಡಿಯ ಅಂಗಡಿಯಿಂದ ಅಡುಗೆಮನೆಯವರೆಗೆ ನಡೆಯುವ ಪದ. ಕರಪತ್ರದಲ್ಲಿ ಹೀಗೆ ಬರಬೇಕು: ‘ರೋಟ್ಲಿ ____ ನಂಗ್, ಭಾತ್ ____ ವಾಟಕಿ.’ ಆ ಖಾಲಿ ಜಾಗವನ್ನು ಆಸ್ಪತ್ರೆಯ ಆಹಾರ ತಜ್ಞರು ರೋಗಿಯ ತೂಕ, ಕೆಲಸ, ಮಾತ್ರೆ ನೋಡಿ ಪೆನ್ನಿನಲ್ಲಿ ತುಂಬುತ್ತಾರೆ. ಹೊಲದಲ್ಲಿ ದುಡಿಯುವವರಿಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರಿಗೂ ಒಂದೇ ಸಂಖ್ಯೆ ಅಚ್ಚು ಹಾಕುವುದು ತಪ್ಪು. ಕೆಳಗೊಂದು ಸಾಲು ಬಡಿಸುವವರಿಗೆ: ‘ಊಟಕ್ಕೆ ಕೂರುವ ಮೊದಲೇ ಅವರ ರೋಟ್ಲಿಗಳನ್ನು ಎಣಿಸಿ ಬೇರೆ ಡಬ್ಬಿಯಲ್ಲಿ ಇಡಿ.’ ಬಿಸಿ ರೋಟ್ಲಿಯ ಸುಖ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಎಣಿಕೆ ಇನ್ನೆಲ್ಲೂ ನಿಲ್ಲುವುದಿಲ್ಲ.

ಎಣಿಕೆಗೆ ಬಂದೊಡನೆ ಮುಂದಿನ ಪ್ರಶ್ನೆ: ಯಾವ ಗಾತ್ರದ ರೋಟ್ಲಿ?

ಗುಜರಾತಿ ರೋಟ್ಲಿ ತೆಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು 15 ಸೆಂಟಿಮೀಟರ್ ಅಗಲ, ಒಳಗೆ 20 ಗ್ರಾಂ ಆಸುಪಾಸು ಗೋಧಿಹಿಟ್ಟು. ಅದರಲ್ಲಿ ಸುಮಾರು 14 ಗ್ರಾಂ ಪಿಷ್ಟ. ಅದೇ ಹಿಟ್ಟಿನ ಭಾಖರಿ ದಪ್ಪ, ಗರಿ, ಹಿಟ್ಟು ಕಲಸುವಾಗಲೇ ಎಣ್ಣೆ ಬಿದ್ದಿರುತ್ತದೆ. ಒಂದು ಭಾಖರಿ ಎರಡು ರೋಟ್ಲಿಗೆ ಸಮ. ಇನ್ನು ಸೌರಾಷ್ಟ್ರದ ಬಾಜರಿ, ಅಂದರೆ ಸಜ್ಜೆಯ ರೋಟ್ಲೋ. ಕೈಯಲ್ಲಿ ತಟ್ಟಿದ್ದು, ನಮ್ಮ ಉತ್ತರ ಕರ್ನಾಟಕದ ರೊಟ್ಟಿಗಿಂತ ದಪ್ಪ. 70 ಗ್ರಾಂ ಹಿಟ್ಟು ಹಿಡಿದರೆ ಒಂದು ರೋಟ್ಲೋ ಮೂರು ರೋಟ್ಲಿಗೆ ಸಮ. ‘ಸಿರಿಧಾನ್ಯ ಒಳ್ಳೆಯದು’ ಎಂಬ ಒಂದೇ ಸಾಲು ಬರೆದು ಬಿಟ್ಟರೆ, ಎರಡು ರೋಟ್ಲಿ ತಿನ್ನುತ್ತಿದ್ದವರು ಎರಡು ರೋಟ್ಲೋಗೆ ಹೋಗುತ್ತಾರೆ. ಜೊತೆಗೆ ವಾಡಿಕೆಯಂತೆ ಬೆಲ್ಲ ಮತ್ತು ತುಪ್ಪ. ಬಾಜರಿಯ ನಾರಿನಿಂದ ಬರುವ ಲಾಭ ಅಲ್ಲಿಗೆ ಮುಗಿಯಿತು.

ಗಾತ್ರ ತೋರಿಸಲು ವಿನ್ಯಾಸಕಾರರು ಕರಪತ್ರದಲ್ಲೇ 15 ಸೆಂಟಿಮೀಟರಿನ ವೃತ್ತ ಬಿಡಿಸುತ್ತಾರೆ. ರೋಟ್ಲಿ ಅದರ ಮೇಲಿಟ್ಟು ನೋಡಲಿ ಎಂದು. ಒಳ್ಳೆಯ ಯೋಚನೆಯೇ, ಆದರೆ ಮೂರು ಕಡೆ ಎಡವುತ್ತದೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಅದರಲ್ಲಿ ವೃತ್ತ ಹಿಡಿಸುತ್ತದೆ. ಅರ್ಧಕ್ಕೆ ಮಡಚಿದ ಎ5 ಪುಸ್ತಿಕೆ ಮಾಡಿದರೆ ಪುಟದ ಅಗಲ 14.8 ಸೆಂಟಿಮೀಟರ್, ವೃತ್ತದ ಅಂಚು ಕತ್ತರಿಸಿ ಹೋಗುತ್ತದೆ. ಆಸ್ಪತ್ರೆಯವರು ಪ್ರಿಂಟ್ ತೆಗೆಯುವಾಗ ‘ಪುಟಕ್ಕೆ ಹೊಂದಿಸು’ ಒತ್ತಿದರೆ ವೃತ್ತ ಕುಗ್ಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಫೋಟೊ ಆಗಿ ಹರಿದಾಡಿದರಂತೂ ಅಳತೆಯ ಮಾತೇ ಇಲ್ಲ. ಪುಟದ ಅಂಚಿಗೆ 5 ಸೆಂಟಿಮೀಟರಿನ ಗೆರೆ ಎಳೆದು ‘ಇದನ್ನು ಅಳೆದು ನೋಡಿ’ ಎಂದು ಬರೆದರೆ ಅಚ್ಚಿನ ದೋಷವಾದರೂ ಹಿಡಿಯಬಹುದು.

ಇದಕ್ಕಿಂತ ಗಟ್ಟಿ ಅಳತೆ ಅಡುಗೆಮನೆಯಲ್ಲೇ ಇದೆ. ಒಂದು ಕಿಲೋ ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ರೋಟ್ಲಿ ಆಗುತ್ತದೆ? ದಿನವೂ ಲಟ್ಟಿಸುವವರು ಇದಕ್ಕೆ ಕಣ್ಣು ಮುಚ್ಚಿ ಉತ್ತರ ಹೇಳುತ್ತಾರೆ. 50 ಆದರೆ ಒಂದೊಂದರಲ್ಲಿ 20 ಗ್ರಾಂ ಹಿಟ್ಟು, ಕರಪತ್ರದ ಲೆಕ್ಕ ಹಾಗೇ ಸರಿ. 40 ಆದರೆ ಸ್ವಲ್ಪ ದೊಡ್ಡದು. 33 ಮಾತ್ರ ಆದರೆ ಒಂದೊಂದೂ ಒಂದೂವರೆ ರೋಟ್ಲಿ, ತಜ್ಞರು ಮೂರು ಬರೆದಿದ್ದರೆ ಆ ಮನೆಯಲ್ಲಿ ಎರಡು. ಗುಜರಾತಿಯಲ್ಲಿ ಒಂದೂವರೆಗೆ ‘ದೋಢ್’ ಎಂಬ ಒಂಟಿ ಪದ ಇದೆ, ಎರಡೂವರೆಗೆ ‘ಅಢೀ’, ಮುಕ್ಕಾಲಿಗೆ ‘ಪೋಣೋ’. 1.5 ಎಂದು ದಶಮಾಂಶದಲ್ಲಿ ಬರೆದರೆ ಚುಕ್ಕೆ ಕಾಣದೆ 15 ಎಂದು ಓದುವ ಅಪಾಯವಿದೆ. ದೋಢ್ ಎಂದು ಬರೆದರೆ ಅಜ್ಜಿಯೂ ತಪ್ಪುವುದಿಲ್ಲ.

ವಾಟಕಿಯ ಗತಿಯೂ ಇದೇ. ಮನೆಯಿಂದ ಮನೆಗೆ 100 ಮಿಲಿಯದ್ದೂ ಉಂಟು, 250 ಮಿಲಿಯದ್ದೂ ಉಂಟು. 150 ಮಿಲಿ ಎಂದು ಅಚ್ಚು ಹಾಕಿದರೆ ಅದನ್ನು ಮನೆಯಲ್ಲಿ ಅಳೆಯುವುದು ಹೇಗೆ ಎಂಬುದನ್ನೂ ಹೇಳಬೇಕು. ಕೆಮ್ಮಿನ ಸಿರಪ್ಪಿನ ಬಾಟಲಿಗೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 10 ಮಿಲಿ ಗೆರೆ ಇರುತ್ತದೆ. ಹದಿನೈದು ಸಲ ನೀರು ಸುರಿದು ಎಲ್ಲಿಗೆ ಬಂತು ನೋಡಿ, ಆ ಬಟ್ಟಲನ್ನು ಪಥ್ಯದ ವಾಟಕಿ ಎಂದು ಗುರುತಿಟ್ಟುಕೊಳ್ಳಿ. ಅಂಥ ಅರ್ಧ ವಾಟಕಿ ಅನ್ನ ಒಂದು ತೆಳು ರೋಟ್ಲಿಗೆ ಸಮ. ಈ ಒಂದು ಸಮೀಕರಣ ಕೈಗೆ ಬಂದರೆ ‘ಇವತ್ತು ಅನ್ನ ಬೇಕು’ ಎಂದಾಗ ಯಾವುದನ್ನು ಬಿಡಬೇಕು ಎಂಬುದು ಮನೆಯವರಿಗೇ ಹೊಳೆಯುತ್ತದೆ. ಅನ್ನ ಹೆಚ್ಚು ಉಣ್ಣುವ ಸೂರತ್ ಕಡೆಯವರಿಗೆ ಇದು ರೋಟ್ಲಿಯ ಲೆಕ್ಕಕ್ಕಿಂತ ಮುಖ್ಯ.

ಈಗ ಸಿಹಿಗೆ ಬರೋಣ. ಇಲ್ಲಿ ಗುಜರಾತಿ ಒಂದು ಗುಂಡಿ ತೋಡಿಟ್ಟಿದೆ. ಹಿಂದಿಯ ‘ಮೀಠಾ’ ನಮಗೆಲ್ಲ ಗೊತ್ತು, ಸಿಹಿ. ಗುಜರಾತಿಯಲ್ಲಿ ‘ಮೀಠುಂ’ ವಿಶೇಷಣವಾದಾಗ ಸಿಹಿ, ಇಂಪು. ಆದರೆ ಅಡುಗೆಮನೆಯಲ್ಲಿ ನಾಮಪದವಾಗಿ ಬಂದರೆ ‘ಮೀಠುಂ’ ಎಂದರೆ ಉಪ್ಪು! ‘ಮೀಠುಂ ಓಛುಂ ಕರೋ’ ಎಂದು ಬರೆದರೆ ಅಡುಗೆ ಮಾಡುವವರು ಉಪ್ಪು ಕಡಿಮೆ ಮಾಡುತ್ತಾರೆ, ಬೆಲ್ಲ ಹಾಕಿದಷ್ಟೇ ಹಾಕುತ್ತಾರೆ. ಹಿಂದಿ ಕರಪತ್ರವನ್ನು ಎದುರಿಗಿಟ್ಟುಕೊಂಡು ಗುಜರಾತಿ ಮಾಡುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಅದನ್ನು ಪರೀಕ್ಷಿಸಲು ಮತ್ತೆ ಇಂಗ್ಲಿಷಿಗೆ ತಿರುಗಿಸುವವರೂ ಹಿಂದಿಯ ಕಿವಿಯವರೇ ಆದರೆ ಅವರೂ ‘ಸಿಹಿ ಕಡಿಮೆ ಮಾಡಿ’ ಎಂದೇ ತಿರುಗಿಸುತ್ತಾರೆ. ಎರಡು ಕಡೆಯೂ ತಾಳೆಯಾಯಿತು ಎಂದು ಕಡತ ಮುಚ್ಚುತ್ತದೆ. ಸಿಹಿಗೆ ‘ಗಳ್ಯುಂ’, ಸಿಹಿಗಾಗಿ ಹಾಕುವ ಪದಾರ್ಥಕ್ಕೆ ‘ಗಳಪಣ್’, ಸಕ್ಕರೆಗೆ ‘ಖಾಂಡ್’, ಬೆಲ್ಲಕ್ಕೆ ‘ಗೋಳ್’. ಇವಿಷ್ಟನ್ನೇ ಬಳಸಬೇಕು.

ಬೆಲ್ಲವನ್ನು ಹೆಸರು ಹಿಡಿದು ಹೇಳದಿದ್ದರೂ ಸೋಲು. ‘ಸಕ್ಕರೆ ಸೇರಿಸಬೇಡಿ’ ಎಂದರೆ ‘ನಮ್ಮ ಮನೆ ದಾಳಿಗೆ ಸಕ್ಕರೆ ಹಾಕುವುದೇ ಇಲ್ಲ, ಗೋಳ್ ಅಷ್ಟೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಏರಿಸುವುದೂ ಹೆಚ್ಚುಕಡಿಮೆ ಅಷ್ಟೇ. ನಾಲ್ವರ ದಾಳಿಗೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ ಬೆಲ್ಲ ಬಿದ್ದರೆ ತಲೆಗೆ ಏಳು ಗ್ರಾಂ ಚಿಲ್ಲರೆ. ಎರಡನೇ ಸಲ ಅನ್ನಕ್ಕೆ ಸುರಿದುಕೊಂಡರೆ ಅದೂ ಇಮ್ಮಡಿ. ಸಂಜೆ ಮಜ್ಜಿಗೆ ಹುಳಿಯಂಥ ಕಢೀಯಲ್ಲಿ ಮತ್ತೆ ಗಳಪಣ್.

ಹಾಗೆಂದು ‘ದಾಳಿಗೆ ಬೆಲ್ಲ ಹಾಕಬೇಡಿ’ ಎಂದು ಬರೆದು ಕೈ ತೊಳೆದುಕೊಂಡರೆ ಒಂದು ವಾರವೂ ನಡೆಯುವುದಿಲ್ಲ. ಆ ದಾಳಿನಲ್ಲಿ ಬೆಲ್ಲ ಒಂಟಿಯಾಗಿ ಇರುವುದಿಲ್ಲ. ಕೋಕಮ್ ಅಥವಾ ಹುಣಸೆ, ಮೇಲೆ ನಿಂಬೆ, ಈ ಹುಳಿಗೆ ಎದುರಾಗಿ ಅಲ್ಲಿ ಬೆಲ್ಲ ಕೂತಿರುತ್ತದೆ. ಬೆಲ್ಲ ಮಾತ್ರ ತೆಗೆದರೆ ಹುಳಿ ಬಾಯಿಗೆ ಹೊಡೆಯುತ್ತದೆ, ಮನೆಮಂದಿ ಮುಖ ಸಿಂಡರಿಸುತ್ತಾರೆ, ಮರುದಿನ ಬೆಲ್ಲದ ಡಬ್ಬಿ ವಾಪಸು. ಕರಪತ್ರ ಹೇಳಬೇಕಾದದ್ದು ಹೀಗೆ: ‘ಈ ವಾರ ಗೋಳ್ ಅರ್ಧ ಮಾಡಿ, ಕೋಕಮ್ ಕೂಡ ಅರ್ಧ ಮಾಡಿ. ಎರಡು ವಾರದ ಮೇಲೆ ಮತ್ತೆ ಅರ್ಧ.’ ಇದು ಪೌಷ್ಟಿಕತೆಯ ಸಲಹೆಗಿಂತ ಅಡುಗೆಯ ಸಲಹೆ. ಹಾಗಾಗಿಯೇ ಪಾಲನೆಯಾಗುತ್ತದೆ.

ಎಣ್ಣೆಯಲ್ಲಿ ಇನ್ನೊಂದು ಪದ ಕಾಡುತ್ತದೆ. ಇಂಗ್ಲಿಷ್ ಮೂಲದಲ್ಲಿ ಇರುವ ‘ಫ್ಯಾಟ್’ಗೆ ‘ಚರಬೀ’ ಎಂದು ಹಾಕುತ್ತಾರೆ. ಮೈಯ ಬೊಜ್ಜಿಗೂ ಪ್ರಾಣಿಯ ಕೊಬ್ಬಿಗೂ ಸಲ್ಲುವ ಪದ ಅದು. ‘ನಾವು ಚರಬೀ ತಿನ್ನುವವರಲ್ಲ’ ಎಂದು ಸಸ್ಯಾಹಾರಿ ಓದುಗರು ಆ ಪ್ಯಾರಾವನ್ನೇ ದಾಟಿ ಹೋಗುತ್ತಾರೆ. ‘ತೇಲ್-ಘೀ’ ಎಂದರೆ ಸಾಕು. ಅಳತೆಯನ್ನು ಚಮಚದಲ್ಲಿ ಹೇಳಿದರೂ ಒಗ್ಗರಣೆಗೆ ಯಾರೂ ಚಮಚ ಎಣಿಸುವುದಿಲ್ಲ. ಗುಜರಾತಿನಲ್ಲಿ ಕಡಲೆಕಾಯಿ ಎಣ್ಣೆ, ಅವರ ‘ಸಿಂಗ್‌ತೇಲ್’, 15 ಕಿಲೋ ಡಬ್ಬದ ಲೆಕ್ಕದಲ್ಲಿ ಮನೆಗೆ ಬರುತ್ತದೆ, ಪತ್ರಿಕೆಗಳಲ್ಲಿ ಬೆಲೆ ಬರುವುದೂ ಡಬ್ಬಕ್ಕೆ. ತಲೆಗೆ ದಿನಕ್ಕೆ ನಾಲ್ಕು ಸಣ್ಣ ಚಮಚ, ಅಂದರೆ ಸುಮಾರು 20 ಗ್ರಾಂ ಎಂದಿಟ್ಟುಕೊಂಡರೆ ತಿಂಗಳಿಗೆ 600 ಗ್ರಾಂ, ನಾಲ್ವರಿಗೆ 2.4 ಕಿಲೋ. ಆ ಡಬ್ಬ ಆರು ತಿಂಗಳು ದಾಟಬೇಕು. ‘ಡಬ್ಬ ತೆರೆದ ತಾರೀಖನ್ನು ಅದರ ಮೇಲೇ ಬರೆದಿಡಿ’ ಎಂಬ ಒಂದು ಸಾಲು ಚಮಚದ ಕೋಷ್ಟಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂಗಡಿಯ ಫರಸಾಣಿನ ಎಣ್ಣೆ ಈ ಲೆಕ್ಕದಲ್ಲಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಭಾನುವಾರ ಬೆಳಗಿನ ಫಾಫಡಾ-ಜಲೇಬಿ ಡಬ್ಬದಿಂದ ಬಂದದ್ದಲ್ಲ.

ಉಪವಾಸದ ಪುಟ ಈ ಕರಪತ್ರದ ಅತಿ ಕಷ್ಟದ ಪುಟ. ಮೂಲದಲ್ಲಿ ‘ಊಟ ತಪ್ಪಿಸಬೇಡಿ’ ಎಂದು ಒಂದೇ ಸಾಲು ಇರುತ್ತದೆ. ಅಗಿಯಾರಸ್ ಎಂಬ ಏಕಾದಶಿ, ಶ್ರಾವಣ, ನವರಾತ್ರಿ ಇರುವ ಮನೆಯಲ್ಲಿ ಆ ಸಾಲಿಗೆ ಬೆಲೆ ಇಲ್ಲ. ಅದೂ ಅಲ್ಲದೆ ಹಿಂದೂ ಮನೆಗಳ ಉಪವಾಸ ಬಹಳ ಸಲ ಹಸಿವಿನ ಉಪವಾಸವಲ್ಲ, ‘ಫರಾಳಿ’ ಊಟ. ಸಬ್ಬಕ್ಕಿ ಖಿಚಡಿ, ಆಲೂಗಡ್ಡೆಯ ಒಣ ಪಲ್ಯ, ಸಿಹಿಗೆಣಸು, ರಾಜಗರಾ, ಅಂದರೆ ದಂಟಿನ ಬೀಜದ ಹಿಟ್ಟಿನ ಪೂರಿ. ಧಾನ್ಯ ಬಿಟ್ಟೆವು ಎಂಬ ಸಮಾಧಾನ, ತಟ್ಟೆಯಲ್ಲಿ ಮಾತ್ರ ಎಲ್ಲವೂ ಪಿಷ್ಟ. 50 ಗ್ರಾಂ ಒಣ ಸಬ್ಬಕ್ಕಿಯಲ್ಲೇ ಮೂರು ರೋಟ್ಲಿಯಷ್ಟು ಪಿಷ್ಟ ಇದೆ, ನಾರಾಗಲೀ ಪ್ರೋಟೀನಾಗಲೀ ಇಲ್ಲವೆನ್ನುವಷ್ಟು ಕಡಿಮೆ. ಆ ಪುಟದಲ್ಲಿ ಫರಾಳಿಯೊಳಗೇ ಬದಲಿ ತೋರಿಸಬೇಕು: ಅಳತೆಯ ಅರ್ಧ ವಾಟಕಿ ಮೋರೈಯೋ, ಅಂದರೆ ಊದಲಿನ ಅಕ್ಕಿ, ಅದಕ್ಕೆ ದೂಧೀ ತುರಿದು ಹಾಕಿದ್ದು, ಜೊತೆಗೆ ಮೊಸರು, ಸೌತೆ, ಒಂದು ಹಿಡಿ ಹುರಿದ ಕಡಲೆಕಾಯಿ.

ಜೈನರಿಗೆ ಇದೇ ಪುಟ ಕೊಟ್ಟರೆ ನಡೆಯುವುದಿಲ್ಲ. ಅವರ ‘ಉಪವಾಸ್’ ಎಂದರೆ ಕಾಯಿಸಿದ ನೀರು ಮಾತ್ರ, ಫರಾಳಿಯ ಪ್ರಶ್ನೆಯೇ ಇಲ್ಲ. ‘ಆಯಂಬಿಲ್’ ದಿನ ಒಂದೇ ಹೊತ್ತು ಊಟ, ಅದರಲ್ಲಿ ಹಾಲು, ತುಪ್ಪ, ಎಣ್ಣೆ, ಬೆಲ್ಲ, ಹಸಿರು ತರಕಾರಿ ಯಾವುದೂ ಇಲ್ಲ. ಅಷ್ಟಮಿ, ಚತುರ್ದಶಿಯಂಥ ಪರ್ವತಿಥಿಗಳಲ್ಲಿ ಹಲವರು ಹಸಿರು ಮುಟ್ಟುವುದಿಲ್ಲ. ಅಂದು ಅರ್ಧ ತಟ್ಟೆ ತರಕಾರಿ ಎಂಬ ಸೂತ್ರ ಬಿಟ್ಟು ‘ಕಠೋಳ್’, ಅಂದರೆ ಇಡಿಕಾಳು ಹೆಚ್ಚಿಸಿ ರೋಟ್ಲಿ ಕಡಿಮೆ ಮಾಡಿ ಎನ್ನಬೇಕು. ಹೆಸರು, ಮಡಕಿ, ಕಡಲೆ, ಅಲಸಂದೆ. ತಟ್ಟೆಯ ಚಿತ್ರದಲ್ಲಿ ಕ್ಯಾರೆಟ್, ಮೂಲಂಗಿ ಹಾಕಿದ್ದರೆ ಗಡ್ಡೆ ತಿನ್ನದ ಮನೆಯವರು ಕರಪತ್ರವನ್ನೇ ಪಕ್ಕಕ್ಕಿಡುತ್ತಾರೆ.

ದಿನವೂ ‘ಚೌವಿಹಾರ್’ ಪಾಲಿಸುವವರದ್ದು ಇನ್ನೂ ಸೂಕ್ಷ್ಮ. ಸೂರ್ಯಾಸ್ತದ ಮೇಲೆ ಅನ್ನ ನೀರು ಎರಡೂ ಇಲ್ಲ. ಬೆಳಿಗ್ಗೆ ‘ನವಕಾರಶೀ’ವರೆಗೆ, ಅಂದರೆ ಸೂರ್ಯೋದಯವಾಗಿ 48 ನಿಮಿಷ ಕಳೆಯುವವರೆಗೆ ಕಾಯುವವರಿಗೆ ಚಳಿಗಾಲದಲ್ಲಿ ಹದಿನಾಲ್ಕು ಗಂಟೆಯ ಖಾಲಿ ಹೊಟ್ಟೆ. ‘ರಾತ್ರಿ ಊಟಕ್ಕೆ ಮುಂಚೆ’ ಎಂದು ಬರೆದ ಮಾತ್ರೆಯನ್ನು ಎಂಟು ಗಂಟೆಗೆ ನುಂಗಿದರೆ ಅದರ ಹಿಂದೆ ಊಟವೇ ಬರುವುದಿಲ್ಲ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಬಗೆಯ ಮಾತ್ರೆಯವರಿಗೆ ಇಲ್ಲಿ ಸಕ್ಕರೆ ಕುಸಿಯುವ ಅಪಾಯ ನಿಜ. ಕರಪತ್ರ ತಾನೇ ಪ್ರಮಾಣ ಬದಲಿಸಲು ಹೋಗಬಾರದು, ವ್ರತ ಬಿಡಿ ಎಂದೂ ಅನ್ನಬಾರದು. ‘ನಾನು ಚೌವಿಹಾರ್ ಮಾಡುತ್ತೇನೆ, ಕೊನೆಯ ಊಟ ____ ಗಂಟೆಗೆ’ ಎಂದು ವೈದ್ಯರಿಗೆ ತೋರಿಸುವ ಒಂದು ಚೌಕ ಅಚ್ಚು ಹಾಕಿದರೆ ಮಾತು ಅಲ್ಲಿಂದ ಶುರುವಾಗುತ್ತದೆ.

ಈ ಚೌಕದ ಪಕ್ಕದಲ್ಲೇ ಸಕ್ಕರೆ ಕುಸಿದಾಗಿನ ಚೌಕ ಇರಲಿ, ಬಣ್ಣವೇ ಬೇರೆ ಇರಲಿ. ಹನ್ನೆರಡು ಪುಟ ‘ಖಾಂಡ್ ಬೇಡ’ ಎಂದು ಓದಿದವರು ಕೈ ನಡುಗುವಾಗಲೂ ಸಕ್ಕರೆ ಮುಟ್ಟಲು ಹೆದರುತ್ತಾರೆ. ಧ್ರುಜಾರೀ, ಪರಸೇವೋ, ಚಕ್ಕರ್, ಅಂದರೆ ನಡುಕ, ಬೆವರು, ತಲೆಸುತ್ತು. ಇವು ಕಂಡರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಪೇಢಾ ಬೇಡ, ಅದರ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಆ 70 ಅನ್ನು ಇಂಗ್ಲಿಷ್ ಅಂಕಿಯಲ್ಲೇ ಬಿಡಿ, ಮೀಟರಿನ ಪರದೆಯಲ್ಲಿ ಕಾಣುವುದು ಅದೇ. ಲೆಸ್ಟರಿನ ಪ್ರತಿಯಲ್ಲಿ ಅದು 4 ಆಗುತ್ತದೆ, ಅಲ್ಲಿನ ಮೀಟರಿನ ಮಾನವೇ ಬೇರೆ. ಈ ಒಂದು ಸಂಖ್ಯೆಯನ್ನು ಬದಲಿಸಲು ಮರೆತರೆ ಉಳಿದ ಅನುವಾದ ಎಷ್ಟು ಚೆನ್ನಾಗಿದ್ದರೂ ಅಪಾಯ.

ಧಾಟಿಯ ಬಗ್ಗೆ ಒಂದು ಮಾತು. ಗುಜರಾತಿಯಲ್ಲಿ ‘ಖಾವ್’ ಎಂದರೆ ತಿನ್ನಿ, ‘ಖಾಜೋ’ ಎಂದರೂ ತಿನ್ನಿ. ಆದರೆ ‘ಜೋ’ ಸೇರಿದಾಗ ಮನೆಯ ಹಿರಿಯರು ಊರಿಗೆ ಹೊರಟವರಿಗೆ ಹೇಳುವ ಬುದ್ಧಿಮಾತಿನ ಹದ ಬರುತ್ತದೆ. ಪಥ್ಯಕ್ಕೆ ಅವರಲ್ಲಿ ‘ಪರೇಜೀ’ ಎಂಬ ಪದವಿದೆ, ಅದನ್ನು ‘ಪಾಳುವುದು’ ಎನ್ನುತ್ತಾರೆ, ನಾವು ಪಥ್ಯ ಮಾಡುವ ಹಾಗೆ. ಇವೆರಡೂ ಇದ್ದರೆ ಕರಪತ್ರ ಸರ್ಕಾರಿ ಸುತ್ತೋಲೆಯಂತೆ ಕೇಳುವುದಿಲ್ಲ.

ಕೊನೆಗೆ ಪರೀಕ್ಷೆ. ‘ಅರ್ಥವಾಯಿತೇ’ ಎಂದು ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ. ಹಾಗೆ ಕೇಳುವ ಬದಲು, ಅಡುಗೆ ಮಾಡುವವರ ಕೈಗೆ ಕರಪತ್ರ ಕೊಟ್ಟು, ಒಂದು ಖಾಲಿ ಥಾಳೀ, ಅವರದೇ ವಾಟಕಿ, ರೋಟ್ಲಿ, ಅನ್ನ, ದಾಳ್, ಎರಡು ಬಗೆಯ ಶಾಕ್ ಎದುರಿಗಿಟ್ಟು ‘ಇದರಲ್ಲಿ ಬರೆದಂತೆ ಬಡಿಸಿ ತೋರಿಸಿ’ ಎನ್ನಬೇಕು. ಎರಡು ಶಾಕಿನಲ್ಲಿ ಒಂದು ಆಲೂಗಡ್ಡೆಯದ್ದಾಗಿರಲಿ. ಅದನ್ನು ತರಕಾರಿಯ ಅರ್ಧದಲ್ಲಿ ಬಡಿಸಿದರೆ ಆ ಸಾಲನ್ನು ಮತ್ತೆ ಬರೆಯಬೇಕು. ಆಮೇಲೆ ‘ದಾಳಿಗೆ ನಾಳೆ ಏನೇನು ಎಷ್ಟು ಹಾಕುತ್ತೀರಿ’ ಎಂದು ಕೇಳಿ, ಅವರು ಉಪ್ಪಿನ ಡಬ್ಬಿಯ ಕಡೆ ಕೈ ತೋರಿಸುತ್ತಾರೋ ಬೆಲ್ಲದ ಡಬ್ಬಿಯ ಕಡೆಯೋ ನೋಡಿಕೊಳ್ಳಬೇಕು.